ಪಿಒ, ಚಲನ್, ಬಿಲ್: ಫೋಟೊದಲ್ಲೇ ಮೂರನ್ನೂ ತಾಳೆ ನೋಡಿ ಪೇಮೆಂಟ್ ಪಾಸ್ ಮಾಡುವುದು ಹೇಗೆ?

ಸೈಟ್‌ನಿಂದ ವಾಟ್ಸಾಪ್‌ನಲ್ಲಿ ಮೂರು ಫೋಟೊ ಬರುತ್ತವೆ. ಆಫೀಸಿನಲ್ಲಿ ಕೂತವರು ಪರ್ಚೇಸ್ ಆರ್ಡರ್ ಅಂದರೆ ಪಿಒ ನಂಬರ್ ನೋಡುತ್ತಾರೆ, ಬಿಲ್ಲಿನ ಒಟ್ಟು ಮೊತ್ತ ನೋಡುತ್ತಾರೆ, ಪಾಸ್ ಮಾಡುತ್ತಾರೆ. ಮಧ್ಯದ ಡೆಲಿವರಿ ಚಲನ್ ಮೇಲೆ ಸೀಲು ಇದೆಯಾ ಅಂತ ಮಾತ್ರ ಕಣ್ಣು ಹಾಯಿಸುತ್ತಾರೆ. ಕಟ್ಟಡದ ಕೆಲಸದ ಲೆಕ್ಕ ಬರೆಯುತ್ತಾ ನಾನು ನೋಡಿದ ತಪ್ಪುಗಳಲ್ಲಿ ಜಾಸ್ತಿ ಇದ್ದದ್ದು ಆ ಚಲನ್‌ನಲ್ಲೇ. ಹಾಗಾಗಿ ಉಳಿದದ್ದನ್ನು ಬೇಗ ಮುಗಿಸಿ ಅಲ್ಲಿಗೇ ಬರೋಣ.

ಮೊದಲು ಪಿಒ ತೆಗೆಯಿರಿ. ವಸ್ತು, ಅಳತೆ, ದರ, ತೆರಿಗೆ ಸೇರಿದೆಯೋ ಇಲ್ಲವೋ, ಈ ಪಿಒ ಮೇಲೆ ಹಿಂದೆ ಎಷ್ಟು ಮಾಲು ಬಂದಿದೆ, ಇಷ್ಟನ್ನು ಬರೆದುಕೊಳ್ಳಿ. ಆಮೇಲೆ ಬಿಲ್ಲಿನ ನಂಬರ್ ಈ ಮೊದಲೇ ಎಂಟ್ರಿ ಆಗಿದೆಯಾ ನೋಡಿ. ಅದೇ ಫೋಟೊವನ್ನು ಸೂಪರ್‌ವೈಸರ್ ಒಮ್ಮೆ, ಅಂಗಡಿಯವರು ಒಮ್ಮೆ ಕಳಿಸುವುದು ಮಾಮೂಲು.

ಈಗ ಚಲನ್. ಇದರ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸುಮ್ನೆ ಫೋಟೊ ಆಗಿ ಬಂದರೆ ಕಾರ್ಬನ್ ಪ್ರತಿಯ 1 ಮತ್ತು 7 ಒಂದೇ ಥರ ಕಾಣುತ್ತವೆ. ನಾಲ್ಕೂ ಮೂಲೆ ಕಾಣಬೇಕು. ಹಿಂಬದಿಯ ಫೋಟೊ ಕೂಡ ಬೇಕೇ ಬೇಕು, ಯಾಕೆಂದರೆ ‘ಕಮ್ಮಿ ಬಂದಿದೆ’ ಅಂತ ಸ್ಟೋರಿನವರು ಬರೆಯುವುದು ಬಹಳ ಸಲ ಅಲ್ಲೇ. ಇನ್ನೊಂದು ಮಾತು: ಫೋಟೊವನ್ನು ಕಪ್ಪು-ಬಿಳುಪು ಮಾಡುವ ಸ್ಕ್ಯಾನರ್ ಆ್ಯಪ್ ಬಳಸಲೇಬೇಡಿ. ಕಾಗದ ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಪೆನ್ಸಿಲ್ಲಿನಲ್ಲಿ ಬರೆದದ್ದು, ಮಾಸಿದ ಸೀಲು ಎರಡೂ ಅಳಿಸಿಹೋಗುತ್ತವೆ.

ಒಂದು ಉದಾಹರಣೆ ನೋಡೋಣ. ಪಿಒದಲ್ಲಿ 12 ಎಂಎಂ ಕಂಬಿ 2,000 ಕೆಜಿ, ಕೆಜಿಗೆ 58 ರೂಪಾಯಿ, ಜಿಎಸ್‌ಟಿ 18% ಬೇರೆ. ಚಲನ್‌ನಲ್ಲಿ ‘188 ಕಂಬಿ’ ಅಂತ ಮಾತ್ರ ಇದೆ. ಬಿಲ್ಲಿನಲ್ಲಿ 2,000 ಕೆಜಿ, ಒಟ್ಟು 1,36,880 ರೂಪಾಯಿ. ಪಿಒಗೂ ಬಿಲ್ಲಿಗೂ ಪೈಸೆ ವ್ಯತ್ಯಾಸವಿಲ್ಲ, ಅಲ್ವಾ? ಎಡವುವುದು ಇಲ್ಲೇ.

12 ಎಂಎಂ ಕಂಬಿಯ ಲೆಕ್ಕದ ತೂಕ ಮೀಟರಿಗೆ 0.888 ಕೆಜಿ. 12 ಮೀಟರ್ ಉದ್ದದ ಒಂದು ಕಂಬಿ ಸುಮಾರು 10.66 ಕೆಜಿ, 188 ಕಂಬಿಗೆ 2,000 ಕೆಜಿ ಚಿಲ್ಲರೆ. ಅಂದರೆ ಅಂಗಡಿಯವರು ಕಂಬಿ ಎಣಿಸಿ ಬಿಲ್ ಮಾಡಿದ್ದಾರೆ, ತೂಗಿ ಅಲ್ಲ. ನಿಜವಾದ ಕಂಬಿ ಸ್ವಲ್ಪ ಹಗುರ ಇರಬಹುದು. ಕಂಬಿಗಿರುವ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ ಈ ಅಳತೆಗೆ ಮೀಟರ್ ತೂಕದಲ್ಲಿ 5% ಹೆಚ್ಚು-ಕಮ್ಮಿ ನಡೆಯುತ್ತದೆ. ಹಾಗಾಗಿ ಕಂಬಿ ಒಂದೂ ಕಮ್ಮಿ ಇಲ್ಲದೆ, ಮಾಲೂ ಕೆಟ್ಟದ್ದಲ್ಲದೆ, ತೂಕ ಮಾತ್ರ ಕಮ್ಮಿ ಬರಬಹುದು.

ಆದ್ದರಿಂದ ಚಲನ್ ಜೊತೆ ವೇ ಬ್ರಿಡ್ಜ್ ಚೀಟಿಯ ಫೋಟೊ ತರಿಸಿ. ನಮ್ಮ ಉದಾಹರಣೆಯ ಚೀಟಿಯಲ್ಲಿ ಲೋಡ್ ಸಮೇತ 7,240, ಖಾಲಿ ಗಾಡಿ 5,280, ಮಾಲಿನ ತೂಕ 1,960 ಕೆಜಿ. ಗಾಡಿ ನಂಬರ್ ಚಲನ್‌ನಲ್ಲಿ ಇರುವುದೇನಾ, ಎರಡು ತೂಕದ ಸಮಯದ ನಡುವೆ ಇಳಿಸುವಷ್ಟು ಹೊತ್ತು ಇದೆಯಾ ನೋಡಿ. ಚೀಟಿಯನ್ನು ಕೈಯಲ್ಲಿ ಹಿಡಿದು ತೆಗೆದ ಫೋಟೊದಲ್ಲಿ ಹೆಬ್ಬೆರಳು ಸರಿಯಾಗಿ ಖಾಲಿ ಗಾಡಿಯ ತೂಕದ ಮೇಲೇ ಕೂತಿರುತ್ತದೆ. ಅಂಥದ್ದನ್ನು ವಾಪಸ್ ಕಳಿಸಿ, ಚೀಟಿಯನ್ನು ನೆಲದ ಮೇಲಿಟ್ಟು ಮತ್ತೆ ತೆಗೆಯಲು ಹೇಳಿ. ಕೈಬರಹ ಓದಿಕೊಡುವ ಆ್ಯಪ್ ನಂಬಿ ಅಂಕಿ ಎಂಟ್ರಿ ಮಾಡಬೇಡಿ, ಮಾಲಿನ ತೂಕವನ್ನು ನೀವೇ ಕಳೆದು ನೋಡಿ.

‘ಇ-ಇನ್‌ವಾಯ್ಸ್ ಕ್ಯೂಆರ್ ಸ್ಕ್ಯಾನ್ ಆಯ್ತು, ಬಿಲ್ ಸರಿ ಇದೆ’ ಅನ್ನುವವರೂ ಇದ್ದಾರೆ. ಆ ಕ್ಯೂಆರ್‌ನಲ್ಲಿ ಇಬ್ಬರ ಜಿಎಸ್‌ಟಿ ನಂಬರ್, ಬಿಲ್ ನಂಬರ್, ದಿನಾಂಕ, ಮೊತ್ತ, ಎಷ್ಟು ಸಾಲು ಐಟಂ ಇದೆ ಎಂಬಂಥ ವಿವರ ಇರುತ್ತದೆ. ಎಷ್ಟು ಕೆಜಿ ಅನ್ನುವುದು ಇರುವುದಿಲ್ಲ. ಬಿಲ್ ಅಸಲಿ ಅಂತ ಅದು ಹೇಳುತ್ತದೆ, ಮಾಲು ಪೂರ್ತಿ ಬಂತು ಅಂತ ಅಲ್ಲ.

ಇನ್ನು ತೀರ್ಮಾನ. ಕಮ್ಮಿ ಬಂದ 40 ಕೆಜಿಗೆ 2,320 ರೂಪಾಯಿ, ಜಿಎಸ್‌ಟಿ ಸೇರಿ 2,737.60. ಇದನ್ನು ಹಿಡಿಯಬಹುದೋ ಇಲ್ಲವೋ ಎನ್ನುವುದು ಪಿಒ ಮೇಲೆ ನಿಂತಿದೆ. ‘ವೇ ಬ್ರಿಡ್ಜ್ ತೂಕದಂತೆ ಪಾವತಿ’ ಎಂಬ ಸಾಲು ಇದ್ದರೆ ಹಿಡಿಯಿರಿ. ಇಲ್ಲದಿದ್ದರೆ ಅಂಗಡಿಯವರು ಒಪ್ಪುವುದು ಕಷ್ಟ, ಹಿಂದೊಮ್ಮೆ ಆ ಸಾಲು ಹಾಕದೆ ನಾನೇ ಪೂರ್ತಿ ದುಡ್ಡು ಕೊಟ್ಟಿದ್ದೇನೆ. ಈಗ ಕಬ್ಬಿಣದ ಯಾವ ಪಿಒನೂ ಆ ಸಾಲಿಲ್ಲದೆ ಕಳಿಸುವುದಿಲ್ಲ.

ಹಿಡಿಯುವುದಾದರೆ ಪೇಮೆಂಟ್‌ನಲ್ಲಿ ಸುಮ್ನೆ ಮುರಿದುಕೊಳ್ಳಬೇಡಿ. ಬಿಲ್ಲಿನಲ್ಲಿ ಜಿಎಸ್‌ಟಿ 2,000 ಕೆಜಿಗೇ ಬಿದ್ದಿದೆ, ಅದು ಇಳಿಯಲು ಅಂಗಡಿಯವರ ಕ್ರೆಡಿಟ್ ನೋಟ್ ಬೇಕು. ಮೆಸೇಜ್ ಚಿಕ್ಕದಾಗಿರಲಿ: ‘ಬಿಲ್ 2,000 ಕೆಜಿ, ವೇ ಬ್ರಿಡ್ಜ್ 1,960 ಕೆಜಿ, ಚೀಟಿ ಕಳಿಸಿದ್ದೇನೆ, 40 ಕೆಜಿಗೆ ಕ್ರೆಡಿಟ್ ನೋಟ್ ಕೊಡಿ.’ ಅದು ಕೈಗೆ ಬಂದ ಮೇಲೆ 1,34,142.40 ರೂಪಾಯಿ ಪಾಸ್ ಮಾಡಿ, ಐದೂ ಫೋಟೊಗಳನ್ನು ಪಿಒ ನಂಬರ್ ಹೆಸರಿನ ಒಂದೇ ಫೋಲ್ಡರಿಗೆ ಹಾಕಿ: ಪಿಒ, ಚಲನ್ ಎರಡೂ ಬದಿ, ತೂಕದ ಚೀಟಿ, ಬಿಲ್. ಕ್ರೆಡಿಟ್ ನೋಟ್ ಕೂಡ ಅದರ ಜೊತೆಗೇ ಇರಲಿ.