ನೈಟ್ ಮೀಟಿಂಗ್ ಪಾಳಿ: ವಾರ ಎಣಿಸಬೇಡಿ, ಗಂಟೆ ಎಣಿಸಿ

ನಾವು ಮಡಿಕೇರಿಯಲ್ಲಿ, ಕ್ಲೈಂಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದೆ. ಇಬ್ಬರಿಗೂ ಆಫೀಸ್ ವೇಳೆ ಆಗುವ ಹೊತ್ತು ಒಂದೂ ಇಲ್ಲ. ‘ಪರವಾಗಿಲ್ಲ ಸರ್, ಅಡ್ಜಸ್ಟ್ ಮಾಡ್ಕೊಳ್ತೀವಿ’ ಅಂತ ನಾವೇ ಹೇಳಿ, ವರ್ಷವಿಡೀ ರಾತ್ರಿ ಕೂತಿದ್ದೆವು.

ಮೊದಲು ಎರಡೇ ಎರಡು ವೇಳೆ ಆರಿಸಿಕೊಳ್ಳಿ. ನಮ್ಮ ರಾತ್ರಿ 9.30 ಅಂದರೆ ಅವರ ಬೆಳಗ್ಗೆ 8. ನಮ್ಮ ಬೆಳಗ್ಗೆ 8.30 ಅಂದರೆ ಅವರ ಹಿಂದಿನ ದಿನ ಸಂಜೆ 7. ಹಾಗಾಗಿ ಬೆಳಗಿನ ಮೀಟಿಂಗನ್ನು ನಮ್ಮ ಸೋಮವಾರ ಇಡಬೇಡಿ, ಅವರಿಗದು ಭಾನುವಾರ ಸಂಜೆ.

ಈಗ ಒಂದು ವಾರ ರಾತ್ರಿ, ಒಂದು ವಾರ ಬೆಳಗ್ಗೆ ಅಂದರೆ ಸರಿಸಮ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಬೆಳಗ್ಗೆ 9ರಿಂದ ಸಂಜೆ 6 ಆಚೆಗೆ ಹೋದ ಪ್ರತಿ ಗಂಟೆಗೆ ಒಂದು ಅಂಕ. ಬೇಗ ಶುರುವಾದರೆ ಶುರುವಾದ ಹೊತ್ತು, ತಡವಾದರೆ ಮುಗಿದ ಹೊತ್ತು ನೋಡಿ. ಒಂದು ಗಂಟೆಯ ರಾತ್ರಿ ಮೀಟಿಂಗ್ ಮುಗಿಯುವುದು 10.30ಕ್ಕೆ: ನಮಗೆ 4.5, ಅವರಿಗೆ 1. ಬೆಳಗಿನದಕ್ಕೆ ನಮಗೆ ಅರ್ಧ, ಅವರಿಗೆ 2. ನಾಲ್ಕು ವಾರದಲ್ಲಿ ಎರಡೆರಡು ಹಂಚಿದರೆ ನಮಗೆ 10, ಅವರಿಗೆ 6! ಒಂದು ರಾತ್ರಿ, ಮೂರು ಬೆಳಗ್ಗೆ ಅಂತ ಹಂಚಿದರೆ ನಮಗೆ 6, ಅವರಿಗೆ 7. ಇದನ್ನು ತೋರಿಸಿದಾಗ ಕ್ಲೈಂಟ್ ಮ್ಯಾನೇಜರ್ ವಾದ ಮಾಡಲಿಲ್ಲ. ‘ನಿಮಗೆ 10.30 ಆಗ್ತಿತ್ತಾ?’ ಅಂತ ಕೇಳಿದರು, ಅಷ್ಟೇ. ಅವರು ಯಾವತ್ತೂ ಲೆಕ್ಕ ಹಾಕಿರಲಿಲ್ಲ, ನಾವು ಹೇಳಿರಲೂ ಇಲ್ಲ.

ಆಮೇಲೆ ಇನ್ವೈಟ್. ಅದರ ಟೈಮ್ ಜೋನ್ America/Los_Angeles ಇರಲಿ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ನಾವು ಮುಟ್ಟುವುದೇ ಇಲ್ಲ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ರಾತ್ರಿ ಮೀಟಿಂಗ್ 8.30ಕ್ಕೆ, ಬೆಳಗಿನದು 7.30ಕ್ಕೆ ಬರುತ್ತದೆ. ಅಂಕ 8–7 ಆಗುತ್ತದೆ, ಪಾಳಿ ಬದಲಿಸಬೇಕಾಗಿಲ್ಲ. ಆದರೂ ಆ ಎರಡು ಸೋಮವಾರ ಒಮ್ಮೆ ಕ್ಯಾಲೆಂಡರ್ ತೆರೆದು ನೋಡಿ.

ರಾತ್ರಿಯ ವಾರ ಯಾವುದು ಅನ್ನುವುದನ್ನು ನಾವೇ ಆರಿಸುತ್ತೇವೆ. ಪುತ್ತರಿ ಬರುವ ವಾರವಂತೂ ಬೇಡವೇ ಬೇಡ. ಕದಿರು ಕೊಯ್ಯುವ ಮುಹೂರ್ತ ರಾತ್ರಿಯೇ, ಗದ್ದೆಯಲ್ಲಿ ಕೋವಿ ಸದ್ದು, ‘ಪೊಲಿ ಪೊಲಿ ದೇವಾ’ ಕೂಗು. ಅದರ ನಡುವೆ ಮ್ಯೂಟ್ ತೆಗೆಯುವುದು ಹೇಗೆ?

ಕೊನೆಗೆ, ನಡೆದದ್ದನ್ನೇ ಹಾಳೆಯಲ್ಲಿ ಬರೆಯಿರಿ, ಪ್ಲ್ಯಾನನ್ನಲ್ಲ. ಪದ್ಧತಿ ಕೆಡುವುದು ಇಲ್ಲೇ. ಕ್ಲೈಂಟ್ ‘ಈ ಸಲ ಮಾತ್ರ’ ಅಂತ ನಮ್ಮ ಬೆಳಗಿನದನ್ನು ರಾತ್ರಿಗೆ ತಳ್ಳಿದರೆ ನಮ್ಮ ಕಾಲಂಗೆ ಆ 4.5 ಬಿತ್ತು. ಮುಂದಿನ ನಾಲ್ಕು ವಾರ ನಮಗೆ ರಾತ್ರಿಯೇ ಇಲ್ಲ.