ಹೆಸರು ಇಡುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ

ಟಿಪ್ಪಣಿ ಬರೆದಿಡುವ ಒಂದು ಆ್ಯಪ್ ಮಾಡಿದ್ದೀರಿ, ಅದಕ್ಕೆ QuickNote ಅಂತ ಹೆಸರಿಟ್ಟು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವ ಆಸೆ ಎಂದುಕೊಳ್ಳೋಣ. ಅಂಥ ಹೆಸರು ಬೇರೆಯವರ ಬಳಿ ಆಗಲೇ ಇದೆಯಾ ಎಂದು ಹುಡುಕುವುದಕ್ಕೂ ಮೊದಲು ಒಂದು ಪ್ರಶ್ನೆ ಹಾಕಿ. ಇಂಥದ್ದೇ ಆ್ಯಪ್ ಮಾಡುವ ಬೇರೆಯವರಿಗೂ ತಮ್ಮ ಸರಕು ಏನೆಂದು ಹೇಳಲು ಈ ಪದಗಳು ಬೇಕಾಗುತ್ತವಾ? ಬೇಕೇ ಬೇಕು. ಬೇಗ ಟಿಪ್ಪಣಿ ಬರೆಯಬಹುದು ಅನ್ನುವುದು ಬರೀ ವರ್ಣನೆ. ಅದನ್ನು ಒಬ್ಬರ ಸೊತ್ತಾಗಿ ನೋಂದಾಯಿಸುವುದು ಕಷ್ಟ. KwikNote ಎಂದು ಬರೆದರೂ ಉಪಯೋಗವಿಲ್ಲ, ಕಿವಿಗೆ ಎರಡೂ ಒಂದೇ. ಇನ್ನು ಸುಮ್ನೆ Notes ಅಂದರೆ ಅದು ಸರಕಿನ ಹೆಸರೇ ಆಯಿತು. 1888ರಲ್ಲಿ ಬಂದ ಕೊಡಾಕ್ ನೋಡಿ. ಅರ್ಥವೇ ಇಲ್ಲದ, ಹುಟ್ಟಿಸಿಕೊಂಡ ಪದ. ಅಂಥವುಗಳಿಗೇ ಬಲ ಜಾಸ್ತಿ.

ಹಾಗಾಗಿ Taviro ಎಂಬ ಪದ ಕಟ್ಟಿದಿರಿ ಅನ್ನಿ. ಈಗ ಹುಡುಕಾಟ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ Global Brand Database ಉಚಿತ. ಅದರಲ್ಲಿ ಎಲ್ಲ ದೇಶಗಳ ಮಾಹಿತಿ ಇಲ್ಲ, ಆದ್ದರಿಂದ ನೀವು ಮಾರುವ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ಪಟ್ಟಿಯನ್ನೂ ನೋಡಲೇಬೇಕು.

ಬಹಳ ಜನ ಹೆಸರನ್ನು ಇದ್ದ ಹಾಗೇ ಟೈಪ್ ಮಾಡಿ, ಏನೂ ಸಿಗಲಿಲ್ಲ ಎಂದು ಖುಷಿಪಡುತ್ತಾರೆ. ಎಡವುವುದು ಅಲ್ಲೇ. ಕಚೇರಿಯವರು ನೋಡುವುದು ಗ್ರಾಹಕನಿಗೆ ಗೊಂದಲವಾಗುತ್ತದಾ ಎಂಬುದನ್ನು. ಹೆಸರನ್ನು ಗಟ್ಟಿಯಾಗಿ ಓದಿ, ಕೇಳಿದವರು ಹೇಗೆಲ್ಲ ಬರೆಯಬಹುದೋ ಅಷ್ಟನ್ನೂ ಹುಡುಕಿ: Tavero, Taveero, Tabiro, Daviro. ಪದಕ್ಕೆ ಬೇರೆ ಭಾಷೆಯಲ್ಲಿ ಅರ್ಥವಿದ್ದರೆ ಆ ಅರ್ಥದ ಹೆಸರುಗಳನ್ನೂ ನೋಡಿ.

ಮುಂದೆ ವರ್ಗ. ಟ್ರೇಡ್‌ಮಾರ್ಕ್‌ಗಾಗಿ ಸರಕು, ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ನೀಸ್ ವರ್ಗೀಕರಣದಲ್ಲಿ ಎರಡೂ ಸೇರಿ 45 ವರ್ಗಗಳಿವೆ. ಡೌನ್‌ಲೋಡ್ ಮಾಡುವ ಆ್ಯಪ್ 9ಕ್ಕೆ, ಆನ್‌ಲೈನ್‌ನಲ್ಲೇ ಓಡುವ ಸಾಫ್ಟ್‌ವೇರ್ ಸೇವೆ 42ಕ್ಕೆ. ಎರಡನ್ನೂ ನೋಡಿ, ಏಕೆಂದರೆ ವರ್ಗ ಬೇರೆಯಾದರೂ ಗ್ರಾಹಕ ಒಬ್ಬನೇ.

ಸಿಕ್ಕಿದ್ದು ಎರಡು ಎಂದಿಟ್ಟುಕೊಳ್ಳಿ. 25ನೇ ವರ್ಗದಲ್ಲಿ, ಬಟ್ಟೆಗೆ, Taviro. 42ರಲ್ಲಿ, ಕಡತ ಹಂಚುವ ಸೇವೆಗೆ, Tavero. ಹೆಸರು ಅಕ್ಷರಶಃ ಒಂದೇ ಆದರೂ ಮೊದಲನೆಯದು ಅಷ್ಟು ಭಯದ್ದಲ್ಲ. ಅದು ತುಂಬಾ ಪ್ರಸಿದ್ಧ ಬ್ರ್ಯಾಂಡ್ ಆಗಿದ್ದರೆ ಮಾತ್ರ ಕತೆ ಬೇರೆ. ಎರಡನೆಯದೇ ನಿಜವಾದ ತೊಡಕು. ಅದರ ಸ್ಥಿತಿ ನೋಡಿ: ಚಾಲ್ತಿಯಲ್ಲಿದ್ದರೆ ನಿಮ್ಮ ಹೆಸರು ಬಿಡಿ. ಅವಧಿ ಮುಗಿದಿದ್ದರೂ ಆ ಸೇವೆ ಇನ್ನೂ ನಡೆಯುತ್ತಿದೆಯಾ ಎಂದು ವೆಬ್‌ನಲ್ಲಿ, ಆ್ಯಪ್ ಸ್ಟೋರ್‌ನಲ್ಲಿ ಹುಡುಕಿ. ಹಲವು ದೇಶಗಳಲ್ಲಿ ನೋಂದಣಿ ಇಲ್ಲದೆಯೂ ಮೊದಲು ಬಳಸಿದವರಿಗೆ ಹಕ್ಕಿರುತ್ತದೆ.

ಏನೂ ಸಿಗದಿದ್ದರೂ ಒಂದು ಕಂಡಿ ಉಳಿಯುತ್ತದೆ. ಕೈಗಾರಿಕಾ ಆಸ್ತಿಯ ರಕ್ಷಣೆಗಿರುವ ಪ್ಯಾರಿಸ್ ಒಪ್ಪಂದದ ಪ್ರಕಾರ, ಒಂದು ದೇಶದಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದವರು 6 ತಿಂಗಳೊಳಗೆ ಇನ್ನೊಂದು ದೇಶದಲ್ಲಿ ಹಾಕಿದರೆ ಮೊದಲ ಅರ್ಜಿಯ ದಿನಾಂಕವನ್ನೇ ಪಡೆಯಬಹುದು. ಇವತ್ತು ಕಾಣದ ಅರ್ಜಿ ನಾಳೆ ನಿಮಗಿಂತ ಹಿರಿದಾಗಿ ಬರಬಹುದು. ಅದಕ್ಕೇ ಅರ್ಜಿ ಹಾಕುವ ಹಿಂದಿನ ದಿನ ಅದೇ ಹುಡುಕಾಟವನ್ನು ಇನ್ನೊಮ್ಮೆ ಮಾಡಿ.