ಕಪ್ಪಗೆ ಕಂಡದ್ದೆಲ್ಲ ನೀರಲ್ಲ: ಒಂದೇ ಎದೆಯಲ್ಲಿ ಎರಡು ಗಂಟು

ಜಿಲ್ಲಾ ಕೇಂದ್ರವೊಂದರಲ್ಲಿ ರೇಡಿಯಾಲಜಿಸ್ಟ್ ಆಗಿ ಹದಿನಾರು ವರ್ಷದಿಂದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುತ್ತಿದ್ದೇನೆ. ಎದೆಯಲ್ಲಿ ಗಂಟು ಎಂದು ಬರುವ ಹೆಂಗಸರು ವಾರಕ್ಕೆ ನಾಲ್ಕೈದು ಮಂದಿಯಾದರೂ ಇರುತ್ತಾರೆ. ಅವರಲ್ಲಿ ಒಬ್ಬರ ಸ್ಕ್ಯಾನ್ ಅನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ. ನೀರುಗುಳ್ಳೆಯೂ ಅದರಂತೆಯೇ ಕಾಣುವ ಗಟ್ಟಿ ಗೆಡ್ಡೆಯೂ ಒಂದೇ ಎದೆಯಲ್ಲಿ ಎರಡು ಬೆರಳಿನ ಅಂತರದಲ್ಲಿದ್ದದ್ದು ನಾನು ಕಂಡಂತೆ ಅಪರೂಪ.

ಅವರಿಗೆ 46 ವರ್ಷ. ಎಡ ಎದೆಯ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಎರಡು ಗಂಟು ಕೈಗೆ ಸಿಗುತ್ತಿದ್ದವು. ಮೂರು ತಿಂಗಳ ಹಿಂದೆ ಬೇರೊಂದು ಕಡೆ ಸ್ಕ್ಯಾನ್ ಮಾಡಿಸಿದ್ದರು. ವರದಿಯಲ್ಲಿ ಎರಡೂ ಸಿಸ್ಟ್ ಎಂದಿತ್ತು. "ನೀರುಗುಳ್ಳೆ ಅಂದ್ರು ಮೇಡಂ, ಮಾತ್ರೆ ಕೊಟ್ಟಿದ್ರು. ಒಂದು ಹಂಗೇ ಐತೆ, ಇನ್ನೊಂದು ದಪ್ಪ ಆಗ್ತಾ ಐತೆ" ಎಂದು ಜೊತೆಗೆ ಬಂದಿದ್ದ ಅವರ ತಂಗಿ ಹೇಳಿದರು. ನೀರುಗುಳ್ಳೆಯೂ ಬೆಳೆಯುತ್ತದೆ, ಮುಟ್ಟಿನ ಹತ್ತಿರ ಕೆಲವೇ ದಿನಗಳಲ್ಲಿ ಉಬ್ಬಿ ನೋಯುವುದೂ ಉಂಟು. ಆದರೆ ಇದು ನೋವಿಲ್ಲದೆ, ಮುಟ್ಟಿಗೆ ಸಂಬಂಧವಿಲ್ಲದೆ ಬೆಳೆಯುತ್ತಿತ್ತು.

ಹಳೆಯ ಚಿತ್ರಗಳನ್ನು ತರಿಸಿ ನೋಡಿದೆ. ಎರಡೂ ಗಂಟು ಕಪ್ಪಾಗಿದ್ದವು. ಆದರೆ ಚರ್ಮದ ಕೆಳಗಿನ ಕೊಬ್ಬೂ ಹೆಚ್ಚುಕಡಿಮೆ ಅಷ್ಟೇ ಕಪ್ಪಾಗಿತ್ತು. ಎದೆಯ ಸ್ಕ್ಯಾನ್‌ನಲ್ಲಿ ಕೊಬ್ಬೇ ನಮ್ಮ ಅಳತೆಗೋಲು. ಗೇನ್, ಅಂದರೆ ಮರಳಿ ಬರುವ ಪ್ರತಿಧ್ವನಿಯನ್ನು ಯಂತ್ರ ಎಷ್ಟು ಹೆಚ್ಚಿಸಿ ತೋರಿಸಬೇಕೆಂಬ ಮಟ್ಟ, ಸರಿಯಾಗಿದ್ದರೆ ಕೊಬ್ಬು ಮಧ್ಯಮ ಬೂದು ಬಣ್ಣದಲ್ಲಿ ಕಾಣಬೇಕು. ಕೊಬ್ಬೇ ಕಪ್ಪಾಗಿದೆ ಎಂದರೆ ಗೇನ್ ತೀರಾ ಕಡಿಮೆಯಾಗಿದೆ. ಆಗ ಗಟ್ಟಿ ಗೆಡ್ಡೆಯೊಳಗಿನ ಸಣ್ಣ ಪ್ರತಿಧ್ವನಿಗಳೂ ಅಳಿಸಿಹೋಗಿ ಅದು ನೀರಿನಂತೆ ತೋರುತ್ತದೆ. ಬೇರೆಯವರ ಚಿತ್ರ ಕೈಗೆ ಬಂದಾಗ ಗಂಟಿಗಿಂತ ಮೊದಲು ನಾನು ನೋಡುವುದು ಕೊಬ್ಬಿನ ಬಣ್ಣವನ್ನೇ.

ಅವರನ್ನು ಬೆನ್ನ ಮೇಲೆ ಮಲಗಿಸಿ, ಎಡ ಭುಜದ ಕೆಳಗೆ ಒಂದು ದಿಂಬು ಇಟ್ಟು ಬಲಕ್ಕೆ ಸ್ವಲ್ಪ ವಾಲಿಸಿದೆ. ಎಡಗೈಯನ್ನು ತಲೆಯ ಹಿಂದಕ್ಕೆ ಇಡಲು ಹೇಳಿದೆ. ಹೀಗೆ ಮಲಗಿದರೆ ಎದೆಯ ಹೊರಭಾಗ ತೆಳ್ಳಗೆ ಹರಡುತ್ತದೆ, ಗಂಟು ಮೈಮೇಲೆ ಇಟ್ಟು ನೋಡುವ ಪ್ರೋಬಿಗೆ ಹತ್ತಿರವಾಗುತ್ತದೆ. 12 ಮೆಗಾಹರ್ಟ್ಜ್‌ನ ಲೀನಿಯರ್ ಪ್ರೋಬ್ ಹಿಡಿದೆ; ಹೊಟ್ಟೆ ನೋಡುವ ಬಾಗಿದ ಪ್ರೋಬಿನಿಂದ ಎದೆಯ ಗಂಟಿನ ಅಂಚು ಸ್ಪಷ್ಟವಾಗಿ ಸಿಗುವುದಿಲ್ಲ. ಗೇನ್ ಏರಿಸಿ ಕೊಬ್ಬನ್ನು ಬೂದು ಬಣ್ಣಕ್ಕೆ ತಂದೆ, ಫೋಕಸ್ ಅನ್ನು ಗಂಟಿನ ಮಟ್ಟಕ್ಕೆ ಇಳಿಸಿದೆ. ಆಮೇಲೆ ಗಂಟಿನ ಮೇಲೆ ಬೆರಳಿಟ್ಟು ತೋರಿಸಲು ಹೇಳಿ, ಆ ಬೆರಳಿನ ಜಾಗದಲ್ಲೇ ಪ್ರೋಬ್ ಇಟ್ಟೆ. ಕೈಗೆ ಸಿಗುವ ಗಂಟು ಒಂದು, ಪರದೆಯಲ್ಲಿ ನಾವು ಅಳೆಯುವುದು ಇನ್ನೊಂದು ಆಗಬಾರದು.

ಮೊದಲ ಗಂಟು ಗಡಿಯಾರದ 2 ಗಂಟೆಯ ದಿಕ್ಕಿನಲ್ಲಿತ್ತು. ಅಗಲ 22 ಮಿಲಿಮೀಟರ್, ಎತ್ತರ 14. ಒಳಗೆ ಸಂಪೂರ್ಣ ಕಪ್ಪು. ಮೇಲಿನ ಅಂಚಿಗೆ ಹೊಂದಿಕೊಂಡು ಮಾತ್ರ ತೆಳುವಾದ ಮಬ್ಬು ಕಾಣಿಸಿತು. ಇಂಥ ಮಬ್ಬು ಹಲವು ಸಲ ನಿಜವಾದದ್ದಲ್ಲ. ಪ್ರೋಬಿಗೂ ಮೇಲಿನ ಪದರಗಳಿಗೂ ನಡುವೆ ಶಬ್ದ ಪುಟಿದು ಪುಟಿದು ಬರುವುದರಿಂದ ಮೂಡುವ ನೆರಳು ಚಿತ್ರ. ಇಂಥ ಸುಳ್ಳು ಪ್ರತಿಧ್ವನಿಯನ್ನು ಕಡಿಮೆ ಮಾಡುವ ಹಾರ್ಮಾನಿಕ್ ಇಮೇಜಿಂಗ್ ಒತ್ತಿದೆ, ಮಬ್ಬು ತಿಳಿಯಾಯಿತು. ಗೋಡೆ ಎಲ್ಲಿದೆ ಎಂದು ಹುಡುಕಬೇಕಾದಷ್ಟು ತೆಳು, ಸುತ್ತಲೂ ನುಣುಪು. ಪ್ರೋಬಿನಿಂದ ಮೆಲ್ಲಗೆ ಒತ್ತಿದರೆ ನೀರು ತುಂಬಿದ ಬಲೂನಿನಂತೆ ಚಪ್ಪಟೆಯಾಯಿತು. ಅದರ ಹಿಂದಿನ ಭಾಗ ಅಕ್ಕಪಕ್ಕಕ್ಕಿಂತ ಬೆಳ್ಳಗೆ ಹೊಳೆಯುತ್ತಿತ್ತು.

ಈ ಹಿಂದಿನ ಹೊಳಪಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಹೆಚ್ಚು ದಾರಿ ತಪ್ಪಿಸುವುದು ಇದೇ. ಶಬ್ದದ ಅಲೆ ದೇಹದೊಳಗೆ ಇಳಿದಂತೆ ಕ್ಷೀಣಿಸುತ್ತದೆ. ಅದನ್ನು ಸರಿದೂಗಿಸಲು ಯಂತ್ರ ಆಳದಿಂದ ಬರುವ ಪ್ರತಿಧ್ವನಿಯನ್ನು ಹೆಚ್ಚಿಸಿ ತೋರಿಸುತ್ತದೆ. ನೀರಿನಲ್ಲಿ ಅಲೆ ಕ್ಷೀಣಿಸುವುದಿಲ್ಲವೆಂದೇ ಹೇಳಬಹುದು. ಆದರೆ ಯಂತ್ರ ಅಲ್ಲೂ ಹೆಚ್ಚಿಸಿಯೇ ಬಿಡುವುದರಿಂದ ನೀರಿನ ಹಿಂದಿನ ಭಾಗ ಬೆಳ್ಳಗಾಗುತ್ತದೆ. ಅಂದರೆ ಆ ಹೊಳಪು ಹೇಳುವುದು ಇಷ್ಟೇ: ಶಬ್ದ ಇದರೊಳಗೆ ಸಲೀಸಾಗಿ ಹಾದುಹೋಯಿತು. ಇದು ನೀರು ಎಂದು ಅದು ಹೇಳುವುದಿಲ್ಲ. ನಾರು ಕಡಿಮೆ ಇದ್ದು ಜೀವಕೋಶಗಳೇ ಒತ್ತೊತ್ತಾಗಿ ತುಂಬಿರುವ, ವೇಗವಾಗಿ ಬೆಳೆಯುವ ಕ್ಯಾನ್ಸರ್‌ನಲ್ಲೂ ಶಬ್ದ ಸಲೀಸಾಗಿ ಹಾದು, ಹಿಂದೆ ಹೊಳಪು ಮೂಡುತ್ತದೆ. ಇನ್ನೊಂದು ಕಡೆ, ತೀರಾ ಸಣ್ಣದಾದ ಅಥವಾ ಎದೆಗೂಡಿಗೆ ಅಂಟಿದಷ್ಟು ಆಳದ ನಿಜವಾದ ನೀರುಗುಳ್ಳೆಗೆ ಹೊಳಪು ಕಾಣದೇ ಇರಬಹುದು. ಹಲವು ಕೋನಗಳಿಂದ ಅಲೆ ಕಳಿಸುವ ಕಾಂಪೌಂಡ್ ಇಮೇಜಿಂಗ್ ಚಾಲೂ ಇದ್ದರೂ ಹೊಳಪು ಮಸುಕಾಗುತ್ತದೆ. ಅನುಮಾನವಿದ್ದಾಗ ನಾನು ಅದನ್ನು ಆರಿಸಿ ಮತ್ತೊಮ್ಮೆ ನೋಡುತ್ತೇನೆ.

ಮೊದಲ ಗಂಟಿನಲ್ಲಿ ಎಲ್ಲ ಲಕ್ಷಣಗಳೂ ಒಟ್ಟಿಗೆ ಕೂಡಿಬಂದವು: ಒಳಗೆ ಪೂರ್ತಿ ಕಪ್ಪು, ಕಾಣದಷ್ಟು ತೆಳುವಾದ ಗೋಡೆ, ನುಣುಪಾದ ಅಂಚು, ಹಿಂದೆ ಹೊಳಪು. ಒಂದೂ ತಪ್ಪದಿದ್ದರೆ ಮಾತ್ರ ನಾನು ಸರಳ ಸಿಸ್ಟ್ ಎಂದು ಬರೆಯುತ್ತೇನೆ. ಹಾಗೆ ಬರೆದ ಮೇಲೆ ಅದಕ್ಕೆ ಬಯಾಪ್ಸಿ ಬೇಕಿಲ್ಲ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವ ಅಗತ್ಯವೂ ಇಲ್ಲ. ನೋವಿದ್ದರೆ ನೀರು ತೆಗೆಯಬಹುದು, ಅಷ್ಟೇ.

ಎರಡನೆಯದು 1 ಗಂಟೆಯ ದಿಕ್ಕಿನಲ್ಲಿ, ಇನ್ನೂ ಸ್ವಲ್ಪ ಆಳದಲ್ಲಿತ್ತು. 17 ಮಿಲಿಮೀಟರ್ ಅಗಲ, 16 ಎತ್ತರ. ದುಂಡಗೆ, ಕಡುಗಪ್ಪು, ಹಿಂದೆ ಹೊಳಪು. ಮೊದಲ ನೋಟಕ್ಕೆ ನನಗೂ ಅದು ನೀರೆಂದೇ ಅನಿಸಿತು. ಆದರೆ ಒತ್ತಿದಾಗ ಅದು ಚಪ್ಪಟೆಯಾಗಲಿಲ್ಲ. ಇಡೀ ಗಂಟು ಆಕಾರ ಬಿಡದೆ ಪಕ್ಕಕ್ಕೆ ಜಾರಿತು. ಒತ್ತಡ ತುಂಬಿದ ನೀರುಗುಳ್ಳೆಯೂ ಕೆಲವೊಮ್ಮೆ ಹೀಗೆ ಗಟ್ಟಿಯಾಗಿರುವುದರಿಂದ ಇದೊಂದರ ಮೇಲೆ ತೀರ್ಮಾನಿಸಲಾಗದು. ಕೊಬ್ಬು ಹಾಳಾಗದಷ್ಟು ಮಾತ್ರ ಗೇನ್ ಏರಿಸಿದೆ. ಪಕ್ಕದ ಸಿಸ್ಟ್ ಕಪ್ಪಾಗಿಯೇ ಉಳಿಯಿತು, ಇದರೊಳಗೆ ಮಾತ್ರ ರಾಗಿಹಿಟ್ಟು ಉದುರಿಸಿದಂತೆ ಸಣ್ಣ ಬೂದು ಚುಕ್ಕೆಗಳು ಎಲ್ಲ ಕಡೆ ಸಮನಾಗಿ ಎದ್ದವು. ಒಂದೇ ಚೌಕಟ್ಟಿನಲ್ಲಿ ಎರಡನ್ನೂ ಇಟ್ಟು ನೋಡುವ ಅವಕಾಶ ಸಿಕ್ಕಿದ್ದು ಅದೃಷ್ಟ.

ಚುಕ್ಕೆಗಳಿದ್ದ ಮಾತ್ರಕ್ಕೆ ಗಟ್ಟಿ ಗೆಡ್ಡೆ ಎನ್ನಲೂ ಆಗದು. ಗಟ್ಟಿಯಾದ ದ್ರವ, ಹಳೆಯ ರಕ್ತ ಅಥವಾ ಕೀವು ತುಂಬಿದ ಗುಳ್ಳೆಯೂ ಹೀಗೇ ಕಾಣುತ್ತದೆ. ಆಗ ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತೇನೆ. ಒಳಗಿನದು ದ್ರವವಾದರೆ ಚುಕ್ಕೆಗಳು ಮೆಲ್ಲಗೆ ತೇಲಿ ಕೆಳಕ್ಕೆ ಇಳಿಯಬಹುದು. ಇಲ್ಲಿ ಎರಡು ನಿಮಿಷ ಕಾದರೂ ಒಂದು ಚುಕ್ಕೆಯೂ ಅಲುಗಲಿಲ್ಲ.

ಅಂಚನ್ನು ದೊಡ್ಡದಾಗಿಸಿ ಸುತ್ತಲೂ ನಿಧಾನವಾಗಿ ನೋಡಿದೆ. ಮುಕ್ಕಾಲು ಭಾಗ ನುಣುಪಾಗಿತ್ತು. ಎದೆಗೂಡಿನ ಕಡೆಗಿನ ಕಾಲು ಭಾಗದಲ್ಲಿ ಮಾತ್ರ ಒಂದೆರಡು ಮಿಲಿಮೀಟರ್‌ನ ಪುಟ್ಟ ಉಬ್ಬುಗಳು ಸಾಲಾಗಿದ್ದವು. ಅಂಚಿನ ವಿಷಯದಲ್ಲಿ ಸರಾಸರಿ ಎಂಬುದಿಲ್ಲ. ಎಷ್ಟೇ ಭಾಗ ಚೆನ್ನಾಗಿರಲಿ, ಕೆಟ್ಟಿರುವ ಭಾಗದ ಮೇಲೆಯೇ ತೀರ್ಮಾನ.

ಕೊನೆಗೆ ರಕ್ತದ ಹರಿವು ತೋರಿಸುವ ಡಾಪ್ಲರ್. ಇಲ್ಲಿ ಕೈಭಾರ ಮುಖ್ಯ. ಪ್ರೋಬನ್ನು ಒತ್ತಿ ಹಿಡಿದರೆ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ, ರಕ್ತ ಹರಿಯುತ್ತಿಲ್ಲವೆಂಬ ಸುಳ್ಳು ಉತ್ತರ ಸಿಗುತ್ತದೆ. ಜೆಲ್ ದಪ್ಪಗೆ ಹಾಕಿ, ಪ್ರೋಬನ್ನು ಜೆಲ್ ಮೇಲೆ ತೇಲಿಸಿದಂತೆ ಹಿಡಿದು, ವೇಗದ ಸ್ಕೇಲ್ ಅನ್ನು ಕೆಳಕ್ಕೆ ಇಳಿಸಿದೆ. ಅಂಚಿನಿಂದ ಒಂದು ನಾಳ ಒಳಹೊಕ್ಕು ನಡುವೆ ಕವಲೊಡೆದದ್ದು ಕಾಣಿಸಿತು. ನೀರಿನೊಳಗೆ ರಕ್ತನಾಳ ಇರುವುದಿಲ್ಲ, ಹಾಗಾಗಿ ಇದು ಗಟ್ಟಿ ಗೆಡ್ಡೆಯೇ. ನಾಳ ಕಾಣದಿದ್ದರೆ ಮಾತ್ರ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಗಟ್ಟಿ ಗೆಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಎಳೆಯ ವಯಸ್ಸಿನವರಲ್ಲಿ ಫೈಬ್ರೋಅಡಿನೋಮ ಸಾಮಾನ್ಯ. ಅದು ಚರ್ಮಕ್ಕೆ ಸಮಾನಾಂತರವಾಗಿ ಅಡ್ಡ ಮಲಗಿರುತ್ತದೆ, ಅಂಚು ಸುತ್ತಲೂ ನುಣುಪು. ಇವರದ್ದು ಅಗಲದಷ್ಟೇ ಎತ್ತರವಿತ್ತು, ಅಂಚು ಒಂದು ಕಡೆ ಕೆಟ್ಟಿತ್ತು. ಕಂಕುಳಿನಲ್ಲಿ ಒಂದು ಲಿಂಫ್ ಗ್ರಂಥಿಯ ಹೊರಪದರ 5 ಮಿಲಿಮೀಟರ್ ದಪ್ಪಗಾಗಿತ್ತು. 3 ದಾಟಿದರೆ ನನಗೆ ಅನುಮಾನ. ಮ್ಯಾಮೋಗ್ರಾಮ್ ಕೂಡ ಮಾಡಿಸಿದೆವು. ಅದರಲ್ಲಿ ಎರಡು ದುಂಡನೆಯ ಬಿಳಿ ನೆರಳು, ಯಾವುದು ನೀರು ಯಾವುದು ಗಟ್ಟಿ ಎಂದು ಹೇಳಲು ಬಾರದು. ವರದಿಯಲ್ಲಿ ಎರಡು ಗಂಟನ್ನೂ ಬೇರೆ ಬೇರೆಯಾಗಿ ಬರೆದೆ: 2 ಗಂಟೆಯದ್ದು ಸರಳ ಸಿಸ್ಟ್, ಕ್ಯಾನ್ಸರ್ ಅನುಮಾನ ಎಷ್ಟೆಂದು ಹೇಳುವ ಬೈ-ರಾಡ್ಸ್ ಪಟ್ಟಿಯಲ್ಲಿ 2, ಅಂದರೆ ನಿರಪಾಯ; 1 ಗಂಟೆಯದ್ದು ಗಟ್ಟಿ ಗೆಡ್ಡೆ, ಬೈ-ರಾಡ್ಸ್ 4ಸಿ, ಅಂದರೆ ಅನುಮಾನ ಹೆಚ್ಚು, ಬಯಾಪ್ಸಿ ಆಗಬೇಕು.

"ಸೂಜಿ ಹಾಕಿದ್ರೆ ಹರಡ್ತದಂತಲ್ಲ ಮೇಡಂ?" ಎಂದು ಅವರೇ ಕೇಳಿದರು. ಈ ಭಯದಿಂದ ತಿಂಗಳುಗಟ್ಟಲೆ ಸುಮ್ಮನಿದ್ದವರನ್ನು ನಾನು ನೋಡಿದ್ದೇನೆ. "ಇಲ್ಲಮ್ಮ, ಸೂಜಿ ಹಾಕಿದ್ದಕ್ಕೆ ಕಾಯಿಲೆ ಮುಂದುವರಿಯೋದಿಲ್ಲ. ಅದು ಯಾವ ಜಾತಿ ಗೊತ್ತಾಗದೆ ಯಾವ ಔಷಧಿ ಅಂತ ಕೊಡೋಣ?" ಎಂದೆ. ತಂಗಿಯ ಕೈ ಹಿಡಿದುಕೊಂಡು ಒಪ್ಪಿದರು.

ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, 14 ಗೇಜ್ ಬಯಾಪ್ಸಿ ಗನ್ನಿನ ಸೂಜಿಯನ್ನು ಪ್ರೋಬಿನ ಪಕ್ಕದಿಂದ ಎದೆಗೂಡಿಗೆ ಸಮಾನಾಂತರವಾಗಿ ತೂರಿಸಿದೆ. ಗನ್ ಸಿಡಿದಾಗ ಸೂಜಿ ಸುಮಾರು ಎರಡು ಸೆಂಟಿಮೀಟರ್ ಮುಂದಕ್ಕೆ ಹಾರುತ್ತದೆ. ಮುಂದೆ ಏನಿದೆ ಎಂದು ನೋಡದೆ ಒತ್ತಬಾರದು, ಹಿಂದೆ ಶ್ವಾಸಕೋಶವಿದೆ. ನಾಲ್ಕು ತುಣುಕು ತೆಗೆದೆ. ಪ್ರತಿ ಸಲವೂ ಸೂಜಿ ಗೆಡ್ಡೆಯೊಳಗೆ ಇರುವ ಚಿತ್ರ ಉಳಿಸಿದೆ. ಫಾರ್ಮಲಿನ್ ಬಾಟಲಿಗೆ ಹಾಕಿದ ಸಮಯವನ್ನು ಅದರ ಮೇಲೇ ಬರೆದೆ, ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಗೆ ಅದು ಬೇಕಾಗುತ್ತದೆ. ಕಂಕುಳಿನ ಗ್ರಂಥಿಯಿಂದ ಸಣ್ಣ ಸೂಜಿಯಲ್ಲಿ ಕೋಶ ತೆಗೆದೆ. ಸಿಸ್ಟ್ ಮುಟ್ಟಿದರೆ ನೋಯುತ್ತದೆ ಎಂದದ್ದರಿಂದ ಅದರ ನೀರನ್ನೂ ಎಳೆದೆ. ತಿಳಿ ಹಳದಿ ನೀರು. ಗುಳ್ಳೆ ಪರದೆಯ ಮೇಲೆ ಪೂರ್ತಿ ಮಾಯವಾಯಿತು. ರಕ್ತ ಬೆರೆತಿರಲಿಲ್ಲವಾದ್ದರಿಂದ ನೀರನ್ನು ಪರೀಕ್ಷೆಗೆ ಕಳಿಸಲಿಲ್ಲ.

ವರದಿ ಬರುವವರೆಗೆ ಒಂದನ್ನು ಮೊದಲೇ ನಿರ್ಧರಿಸಿಕೊಂಡಿದ್ದೆ. ಸಾಮಾನ್ಯ ಅಂಗಾಂಶ ಎಂದು ಬಂದರೆ ನಾನು ಅದನ್ನು ಒಪ್ಪದೆ ಮತ್ತೆ ಬಯಾಪ್ಸಿ ಮಾಡುತ್ತೇನೆ. ಚಿತ್ರವೂ ತುಣುಕೂ ಒಂದೇ ಮಾತು ಹೇಳಬೇಕು. ವರದಿ ಬಂತು: ಗ್ರೇಡ್ 3 ಡಕ್ಟಲ್ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್, ಅಂದರೆ ಹಾರ್ಮೋನ್ ರಿಸೆಪ್ಟರ್‌ಗಳೂ ಇಲ್ಲದ, ಹರ್-2 ಪ್ರೋಟೀನೂ ಹೆಚ್ಚಿಲ್ಲದ ಬಗೆ. ಗ್ರಂಥಿಯಲ್ಲೂ ಕ್ಯಾನ್ಸರ್ ಕೋಶಗಳಿದ್ದವು. ದುಂಡಗೆ, ಕಪ್ಪಗೆ, ಹಿಂದೆ ಹೊಳಪಿಟ್ಟುಕೊಂಡು ನೀರುಗುಳ್ಳೆಯ ವೇಷ ಹಾಕುವುದು ಹೆಚ್ಚಾಗಿ ಈ ಬಗೆಯೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಕೀಮೋ ಎಂದು ತೀರ್ಮಾನವಾಯಿತು. ಅದಕ್ಕೂ ಮುನ್ನ ಗೆಡ್ಡೆಯೊಳಗೆ ಪುಟ್ಟ ಲೋಹದ ಕ್ಲಿಪ್ ಇಟ್ಟರು. ಕೀಮೋಗೆ ಗೆಡ್ಡೆ ಪೂರ್ತಿ ಕರಗಿದರೂ ಸರ್ಜನ್‌ಗೆ ಜಾಗ ತಿಳಿಯಬೇಕಲ್ಲ. ಮೂರನೆಯ ಸುತ್ತಿನ ಬಳಿಕ ಅವರು ಮತ್ತೆ ನನ್ನಲ್ಲಿಗೆ ಸ್ಕ್ಯಾನ್‌ಗೆ ಬಂದರು, ತಲೆಗೆ ಸೀರೆಯ ಸೆರಗು ಹೊದ್ದುಕೊಂಡು. ಗೆಡ್ಡೆ 17ರಿಂದ 6 ಮಿಲಿಮೀಟರ್‌ಗೆ ಇಳಿದಿತ್ತು, ನಡುವೆ ಕ್ಲಿಪ್ ಬೆಳ್ಳನೆಯ ಗೆರೆಯಾಗಿ ಕಾಣುತ್ತಿತ್ತು. 2 ಗಂಟೆಯ ಜಾಗದಲ್ಲಿ ಸಿಸ್ಟ್ ಮತ್ತೆ ಸ್ವಲ್ಪ ತುಂಬಿಕೊಂಡಿತ್ತು. ಅದನ್ನು ಅವರೂ ಪರದೆಯಲ್ಲಿ ನೋಡಿಬಿಟ್ಟರು. "ಇದು ನೀರೇ ತಾನೇ ಮೇಡಂ?" ಎಂದರು. ಪರದೆಯನ್ನು ಅವರ ಕಡೆಗೆ ತಿರುಗಿಸಿ, ಪ್ರೋಬನ್ನು ಮೆಲ್ಲಗೆ ಒತ್ತಿದೆ. ಕಪ್ಪು ಗುಳ್ಳೆ ಚಪ್ಪಟೆಯಾಗಿ, ಕೈ ಸಡಿಲಿಸಿದಾಗ ಮತ್ತೆ ಉಬ್ಬಿತು.